‘ಡೈಲ್ಯೂಷನ್’ಗೆ ‘ತೆಳುವಾಗು’ ಸಾಕೇ? ‘ಫಿಟ್’ಗೆ ಏನನ್ನೋಣ?

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಖಾರದ ಪುಡಿ, ಚಟ್ನಿ ಪುಡಿ ಮಾಡಿ ಮಾರುವ ಹೆಣ್ಣುಮಕ್ಕಳ ಸಂಘಗಳಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೂರು ಮಾತಿನಲ್ಲಿ ಸಿಕ್ಕಿಕೊಂಡಿದ್ದೇನೆ. ‘ಬ್ರ್ಯಾಂಡ್ ಎಕ್ಸ್‌ಟೆನ್ಷನ್’ಗೆ ‘ವಿಸ್ತರಣೆ’ ಎಂದು ಬರೆದೆ. ಅದರಿಂದ ಹಳೆ ಹೆಸರಿನ ಗುರುತಿಗೆ ಪೆಟ್ಟು ಬೀಳುವ ‘ಡೈಲ್ಯೂಷನ್’ಗೆ ‘ತೆಳುವಾಗುವುದು’. ಹೊಸ ಸರಕು ಹಳೆ ಹೆಸರಿಗೆ ಕೂಡಿಬರುವ ‘ಫಿಟ್’ಗೆ ‘ಹೊಂದಾಣಿಕೆ’. ಮೂರೂ ಸರಿಬರುತ್ತಿಲ್ಲ.

ನಾನು ಕಟ್ಟಿಕೊಂಡ ಉದಾಹರಣೆ ಹೀಗಿದೆ. ಬ್ಯಾಡಗಿ ಮೆಣಸಿನ ಪುಡಿಗೆ ಹೆಸರಾದ ಒಂದು ಸಂಘ. ಅದೇ ಹೆಸರಲ್ಲಿ ಶೇಂಗಾ ಚಟ್ನಿ ಪುಡಿ, ಊದುಬತ್ತಿ, ಗುಂಟೂರು ಮೆಣಸಿನ ಪುಡಿ ತರಬೇಕೆಂದಿದೆ. ಹಳೆ ಹೆಸರಿಗೆ ಜಾಸ್ತಿ ಪೆಟ್ಟು ಯಾವುದರಿಂದ? ನಾನು ಊದುಬತ್ತಿ ಎಂದು ಬರೆದಿದ್ದೇನೆ.

ಹುಬ್ಬಳ್ಳಿಯಿಂದ:

‘ವಿಸ್ತರಣೆ’ ಸರಿಯಾಗೇ ಇದೆ. ನಮ್ಮದೊಂದು ಖಾನಾವಳಿ ಇದೆ. ಎರಡು ವರ್ಷದ ಹಿಂದೆ ಗದಗಿನಲ್ಲಿ ಇನ್ನೊಂದು ತೆಗೆದೆವು. ಅಲ್ಲಿ ರೊಟ್ಟಿ ಬಡಿಯುವ ಕೈ ಬೇರೆ, ಎಣಗಾಯಿಗೆ ಎಣ್ಣೆ ಕಮ್ಮಿ. ಈಗ ಹುಬ್ಬಳ್ಳಿಗೆ ಬಂದವರೂ ‘ಮೊದಲಿನಂಗ ಇಲ್ಲ ಬಿಡ್ರಿ’ ಅನ್ನುತ್ತಾರೆ, ಇಲ್ಲಿ ಏನೂ ಬದಲಾಗಿಲ್ಲ! ತೆಳುವಾಗೋದು ಅಂದ್ರೆ ಇದೇ ಅಲ್ವಾ?

ಹಾವೇರಿಯಿಂದ:

ಖಾನಾವಳಿಯವರು ಹೇಳಿದ ಪೆಟ್ಟು ನಿಜ, ಆದರೆ ಕೇಳಿದ್ದು ಅದಲ್ಲ. ಅದೇ ಊಟ ಬೇರೆ ಊರಲ್ಲಿ ಕೊಟ್ಟರೆ ಅದು ಶಾಖೆ. ಇಲ್ಲಿ ಹೆಸರು ಅದೇ, ಸರಕು ಬೇರೆ. ನೋಡಿ, ‘ವಿಸ್ತರಣೆ’ ಅಂದ ತಕ್ಷಣ ಓದುಗರಿಗೆ ಶಾಖೆಯೇ ಕಾಣುತ್ತದೆ. ನಾನಾದರೆ ‘ಹೆಸರು ಚಾಚುವುದು’ ಎನ್ನುತ್ತೇನೆ.

‘ಹೊಂದಾಣಿಕೆ’ ಬೇಡ. ಅದು ಗಂಡ-ಹೆಂಡತಿ ಮಾಡಿಕೊಳ್ಳುವಂಥದ್ದು. ‘ಒಪ್ಪುವುದು’ ಅನ್ನಿ. ಇಳಕಲ್ ಸೀರೆಗೆ ಕುಪ್ಪಸ ಒಪ್ಪಿತೋ ಇಲ್ಲವೋ ನೋಡುತ್ತೇವಲ್ಲ, ಹಾಗೆ. 1990ರಲ್ಲಿ ಡೇವಿಡ್ ಆಕರ್, ಕೆವಿನ್ ಕೆಲ್ಲರ್ ಎಂಬ ಮಾರುಕಟ್ಟೆ ಸಂಶೋಧಕರು ಈ ಒಪ್ಪುವುದನ್ನು ಮೂರು ಕಡೆಯಿಂದ ನೋಡಿದರು. ಎರಡೂ ಸರಕು ಒಟ್ಟಿಗೆ ಬಳಕೆಯಾಗುತ್ತವೆಯೇ? ಒಂದರ ಬದಲು ಇನ್ನೊಂದು ನಡೆಯುತ್ತದೆಯೇ? ಮೊದಲನೆಯದನ್ನು ಮಾಡುವ ಕೈಗೆ ಎರಡನೆಯದೂ ಬರುತ್ತದೆಂದು ಜನ ನಂಬುತ್ತಾರೆಯೇ? ಶೇಂಗಾ ಚಟ್ನಿ ಪುಡಿ ಮೂರನೆಯದರಲ್ಲಿ ಸಲೀಸಾಗಿ ಪಾಸ್. ಅದಕ್ಕೆ ಬೀಳುವುದೂ ಅದೇ ಕೆಂಪು ಪುಡಿ, ಹುರಿದು ಕುಟ್ಟುವ ಕೈಯೂ ಅದೇ.

ಆದರೆ ಊದುಬತ್ತಿ ಎಂದಿದ್ದೀರಲ್ಲ, ಅಲ್ಲಿ ನನ್ನ ತಕರಾರು. ಊದುಬತ್ತಿ ಒಪ್ಪುವುದಿಲ್ಲ, ಆದ್ದರಿಂದ ಬಹುಶಃ ಮಾರಾಟವಾಗುವುದಿಲ್ಲ. ಸಂಘದ ದುಡ್ಡು ಹೋಗುತ್ತದೆ. ಆದರೆ ಕೊಂಡವಳು ‘ಇದು ಏನೋ ಬೇರೆ’ ಎಂದು ಪಕ್ಕಕ್ಕಿಡುತ್ತಾಳೆ, ಪುಡಿಯ ಮೇಲೆ ಅನುಮಾನ ಪಡುವುದಿಲ್ಲ. ಗುಂಟೂರು ಪುಡಿ ಹಾಗಲ್ಲ. ಪ್ಯಾಕೆಟ್ ಅದೇ ಥರ, ಇಡುವ ಡಬ್ಬಿಯೂ ಅದೇ. ಬ್ಯಾಡಗಿ ಅಂದರೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಎರಡು ಚಮಚ ಹಾಕುವ ಕೈ ರೂಢಿಯಾಗಿದೆ. ಗುಂಟೂರಿಗೂ ಎರಡು ಚಮಚ ಬಿತ್ತು ಅನ್ನಿ, ಮನೆಮಂದಿಯೆಲ್ಲ ನೀರಿಗೆ ಓಡುತ್ತಾರೆ. ಮುಂದಿನ ಸಲ ಹಳೆ ಪುಡಿ ಕೊಳ್ಳುವಾಗಲೂ ‘ಇದು ಖಾರದ್ದೋ, ಬಣ್ಣದ್ದೋ’ ಎಂದು ಕೇಳುತ್ತಾಳೆ. ಆ ಪ್ರಶ್ನೆ ಹುಟ್ಟಿತು ಅಂದರೆ ಹೆಸರು ತೆಳುವಾಯಿತು. 1993ರಲ್ಲಿ ಬಾರ್ಬರಾ ಲೋಕನ್, ಡೆಬೊರಾ ಜಾನ್ ಎಂಬ ಸಂಶೋಧಕರು ನೋಡಿದ್ದೂ ಇಂಥದ್ದನ್ನೇ: ಹೊಸ ಸರಕು ಹಳೆ ನಂಬಿಕೆಗೆ ತಿರುಗುಮುರುಗಾಗಿದ್ದರೆ ನಂಬಿಕೆ ಸಡಿಲವಾಗುತ್ತದೆ, ಅದು ತೀರಾ ಹೊರಗಿನದೆಂದು ಜನರಿಗೆ ಎದ್ದು ಕಂಡರೆ ಪೆಟ್ಟು ಕಡಿಮೆ.

ಅದಕ್ಕೇ ಟೈಟಾನ್ ಆಭರಣಕ್ಕೆ ‘ತನಿಷ್ಕ್’ ಎಂದು ಬೇರೆ ಹೆಸರಿಟ್ಟಿತು.

ಗದಗಿನಿಂದ:

ಕೊನೆಯ ‘ಅದಕ್ಕೇ’ ಸ್ವಲ್ಪ ಅವಸರವಾಯಿತು. ಬೇರೆ ಹೆಸರಿಡಲು ಹತ್ತು ಕಾರಣ ಇರಬಹುದು. ಅದೇ ಟೈಟಾನ್ ಕನ್ನಡಕಕ್ಕೆ ತನ್ನ ಹೆಸರನ್ನೇ ಇಟ್ಟುಕೊಂಡಿದೆ.

ನಾನು ಕೋರ್ಟಿನ ಕಡೆಯವನು. ನಮ್ಮಲ್ಲಿ ಡೈಲ್ಯೂಷನ್ ಎಂದರೆ ಹೆಸರಾಂತ ಗುರುತನ್ನು *ಬೇರೆಯವರು* ಬೇರೆ ಸರಕಿಗೆ ಬಳಸಿ ಅದನ್ನು ಕಳೆಗುಂದಿಸುವುದು. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ 29(4) ಅದರದ್ದೇ. ಕೈಪಿಡಿಯಲ್ಲಿ ಒಂದೇ ಪದ ಹಾಕಿದರೆ ಸಂಘದವರು ತಮ್ಮ ತಪ್ಪಿಗೂ ಕೇಸು ಬೀಳುತ್ತದೆಂದು ಹೆದರಿಯಾರು. ಇನ್ನೊಂದು ಮಾತು. ಕಾನೂನಿನಲ್ಲಿ ಇದಕ್ಕೆ ಎರಡು ಬಗೆ ಹೇಳುತ್ತಾರೆ: ಗುರುತು ಕಲಸಿಹೋಗುವುದು, ಗುರುತಿಗೆ ಕೆಟ್ಟ ಹೆಸರು ಅಂಟುವುದು. ನಾನು ಒಂದಕ್ಕೆ ‘ಮಸುಕಾಗುವುದು’, ಇನ್ನೊಂದಕ್ಕೆ ‘ಮಸಿ ಹತ್ತುವುದು’ ಎನ್ನುತ್ತೇನೆ. ಗುಂಟೂರು ಪುಡಿಯದು ಮಸುಕು. ಖಾನಾವಳಿಯದು ಮಸಿ.

ಹುಬ್ಬಳ್ಳಿಯಿಂದ:

ಮಸಿ ಅಂದುಬಿಟ್ರಲ್ಲ! ಎಣ್ಣೆ ಕಮ್ಮಿ ಅಷ್ಟೇ ರೀ.

ಧಾರವಾಡದಿಂದ:

ಊದುಬತ್ತಿಯ ಉತ್ತರ ಹೊಡೆದುಹಾಕಿದೆ. ‘ಒಪ್ಪುವುದು’ ಇಟ್ಟುಕೊಳ್ಳುತ್ತೇನೆ. ‘ಮಸುಕಾಗುವುದು’ ನನಗೆ ‘ತೆಳು’ವಿಗಿಂತ ಇಷ್ಟವಾಯಿತು. ಸಾರಿಗೆ ನೀರು ಹಾಕಿದರೆ ಅದೇ ರುಚಿ ಸಪ್ಪೆಯಾಗುತ್ತದೆ. ಇಲ್ಲಿ ಆಗುತ್ತಿರುವುದು ಯಾವ ರುಚಿ ಎಂಬುದೇ ಗೊತ್ತಾಗದಿರುವುದು. ಹೆಸರು ಮಸುಕಾಯಿತೇ ಎಂದು ಪರೀಕ್ಷಿಸಲೂ ಒಂದು ಸಾಲು ಸೇರಿಸಿದ್ದೇನೆ: ಹೊಸ ಪುಡಿ ತರುವ ಮೊದಲೊಮ್ಮೆ, ತಂದು ಮೂರು ತಿಂಗಳ ಮೇಲೊಮ್ಮೆ, ಸಂತೆಯಲ್ಲಿ ಹಳೆ ಗಿರಾಕಿಗಳಿಗೆ ಹೆಸರು ಮಾತ್ರ ಹೇಳಿ ‘ಏನು ನೆನಪಾಗುತ್ತದೆ’ ಎಂದು ಕೇಳುವುದು. ‘ಬಣ್ಣ’ ಎನ್ನುವವರು ಕಡಿಮೆಯಾದರೆ ಗುಂಟೂರಿಗೆ ಬೇರೆ ಹೆಸರು.

‘ಹೆಸರು ಚಾಚುವುದು’ ಮಾತ್ರ ಇನ್ನೂ ಬಾಯಿಗೆ ಕೂತಿಲ್ಲ. ಕೈ ಚಾಚಿದಂತೆ, ಬೇಡಿದಂತೆ ಕೇಳಿಸುತ್ತದೆ. ‘ಹೆಸರು ಹಬ್ಬಿಸುವುದು’ ಎಂದರೆ ಪ್ರಚಾರವಾಗುತ್ತದೆ. ಬೇರೆ ಯಾರಿಗಾದರೂ ಹೊಳೆಯುತ್ತದೆಯೇ?