ಅಡ್ಮಿನ್ ದುಬೈಯಲ್ಲಿ, ಗ್ರೂಪಿಗೆ ಬೀಗ: ಭಜನಾ ಮಂಡಳಿಯ ವಾಟ್ಸಾಪ್ ವಾಪಸ್ ಪಡೆಯುವುದು ಹೇಗೆ?

ಪ್ರಶ್ನೆ (ಕಟಪಾಡಿ ಹತ್ತಿರದ ಒಂದು ಭಜನಾ ಮಂಡಳಿಯ ಕಾರ್ಯದರ್ಶಿ):
ನಮ್ಮ ಮಂಡಳಿಯ ವಾಟ್ಸಾಪ್ ಗ್ರೂಪಿನಲ್ಲಿ 412 ಜನ ಇದ್ದಾರೆ. ಗ್ರೂಪ್ ಮಾಡಿದ ಹುಡುಗ ಜೂನ್ ಎರಡನೇ ವಾರ ದುಬೈಗೆ ಹೋದ. ಅವನೊಬ್ಬನೇ ಅಡ್ಮಿನ್. ಅಲ್ಲಿ ಹೊಸ ಫೋನ್, ಹೊಸ ನಂಬರಿನಲ್ಲಿ ವಾಟ್ಸಾಪ್ ಹಾಕಿಕೊಂಡಿದ್ದಾನೆ, ಹಳೆಯದು ಹೋಯಿತಂತೆ. ಗ್ರೂಪಿನಲ್ಲಿ ಅಡ್ಮಿನ್ ಮಾತ್ರ ಮೆಸೇಜ್ ಹಾಕುವ ಸೆಟ್ಟಿಂಗ್ ಇದೆ. ನವರಾತ್ರಿಗೆ ಇನ್ನು ಮೂರು ವಾರ. ಒಂಬತ್ತು ದಿನದ ಭಜನೆ ಪಾಳಿ ಹಾಕಬೇಕು. ಒಂದು ಅಕ್ಷರ ಹಾಕಲಿಕ್ಕೆ ಆಗುತ್ತಿಲ್ಲ. ಏನು ಮಾಡುವುದು?

ಉತ್ತರ (ಉಡುಪಿಯಲ್ಲಿ ಮೊಬೈಲ್ ಸರ್ವಿಸ್ ಮತ್ತು ಸಿಮ್ ಕೌಂಟರ್ ನಡೆಸುವವರು):
ಅಣ್ಣ, ಮೊದಲು ಗ್ರೂಪಿನ ಸದಸ್ಯರ ಪಟ್ಟಿ ತೆರೆದು ನೋಡಿ. ಅವನ ಹಳೆ ನಂಬರ್ ಇನ್ನೂ ಅಲ್ಲಿದೆಯಾ? ಅದರ ಎದುರು Group admin ಅಂತ ಕಾಣುತ್ತದಾ?

ಯಾಕೆ ಕೇಳಿದೆ ಅಂದರೆ, ಇರುವ ಒಬ್ಬನೇ ಅಡ್ಮಿನ್ ಗ್ರೂಪ್ ಬಿಟ್ಟು ಹೋದರೆ ವಾಟ್ಸಾಪ್ ತಾನಾಗಿ ಇನ್ನೊಬ್ಬ ಸದಸ್ಯನನ್ನು ಅಡ್ಮಿನ್ ಮಾಡುತ್ತದೆ. ಆದವರಿಗೇ ಎಷ್ಟೋ ಸಲ ಅದು ಗೊತ್ತಿರುವುದಿಲ್ಲ. ಕಳೆದ ಮಳೆಗಾಲ ಒಂದು ಅಪಾರ್ಟ್‌ಮೆಂಟಿನವರು ಹೀಗೇ ನನ್ನ ಹತ್ತಿರ ಬಂದಿದ್ದರು. ಪಟ್ಟಿ ನೋಡಿದರೆ ಮೂರನೇ ಮಹಡಿಯ ಅಜ್ಜಿ ಅಡ್ಮಿನ್ ಆಗಿ ಎರಡು ತಿಂಗಳಾಗಿತ್ತು! ಅವರ ಫೋನಿನಿಂದ ಎರಡು ನಿಮಿಷದಲ್ಲಿ ಕೆಲಸ ಮುಗಿಯಿತು.

ಹಳೆ ನಂಬರ್ ಇನ್ನೂ ಪಟ್ಟಿಯಲ್ಲಿದ್ದರೆ ಕಥೆ ಬೇರೆ. ಆಗ ವಾಟ್ಸಾಪ್ ಲೆಕ್ಕದಲ್ಲಿ ಅಡ್ಮಿನ್ ಎಲ್ಲೂ ಹೋಗಿಲ್ಲ. ಬೀಗ ಹಾಕಿದ್ದು ಆ ನಂಬರ್, ತೆಗೆಯುವುದೂ ಅದೇ. ಹಾಗಾಗಿ ಇನ್ನೊಂದು ಕೆಲಸ ಮಾಡಿ. ಹಳೆ ನಂಬರಿಗೆ ಸಾದಾ ಕಾಲ್ ಮಾಡಿ, ಏನು ಕೇಳುತ್ತದೆ ಅಂತ ಹೇಳಿ. ರಿಂಗ್ ಆಗುತ್ತದಾ, ಇನ್‌ಕಮಿಂಗ್ ಇಲ್ಲ ಅನ್ನುತ್ತದಾ, ಅಥವಾ ಆ ನಂಬರೇ ಇಲ್ಲ ಅನ್ನುತ್ತದಾ?

ಕೇಳಿದವರು:
ನಂಬರ್ ಪಟ್ಟಿಯಲ್ಲಿದೆ, ಎದುರು Group admin ಅಂತಲೂ ಇದೆ. ವಾಟ್ಸಾಪಿನಲ್ಲಿ ಮೆಸೇಜ್ ಕಳಿಸಿದೆ, ಒಂದೇ ಟಿಕ್. ಕಾಲ್ ಮಾಡಿದರೆ ಇನ್‌ಕಮಿಂಗ್ ಸೌಲಭ್ಯ ಇಲ್ಲ ಅಂತ ಬರುತ್ತದೆ.

ಸುರತ್ಕಲ್‌ನ ಒಬ್ಬ ಸದಸ್ಯರು:
ಇದಕ್ಕೆಲ್ಲ ಇಷ್ಟು ತಲೆಬಿಸಿ ಯಾಕೆ ಮಾರಾಯ್ರೆ? ಇಪ್ಪತ್ತು ಜನ ಸೇರಿ ಆ ನಂಬರನ್ನು ರಿಪೋರ್ಟ್ ಮಾಡಿ. ಅಕೌಂಟ್ ಹೋಗುತ್ತದೆ, ಗ್ರೂಪಿನಿಂದ ಹೊರಗೆ ಬೀಳುತ್ತದೆ, ಬೇರೆಯವರು ಅಡ್ಮಿನ್ ಆಗುತ್ತಾರೆ. ಇಲ್ಲದಿದ್ದರೆ ಕಂಪೆನಿಗೆ ಮೈಲ್ ಹಾಕಿ.

ಉತ್ತರ:
ಅಕೌಂಟ್ ಡಿಲೀಟ್ ಆದರೆ ಅದು ಗ್ರೂಪುಗಳಿಂದ ಹೊರಗೆ ಬರುತ್ತದೆ. ಅಷ್ಟು ಸರಿ. ಆದರೆ ರಿಪೋರ್ಟ್ ಮಾಡಿ ಬ್ಯಾನ್ ಮಾಡಿಸುವುದು ಬೇರೆ ವಿಷಯ. ಏನೂ ತಪ್ಪು ಮಾಡದ ಹುಡುಗನ ಮೇಲೆ ಸುಳ್ಳು ದೂರು ಕೊಟ್ಟ ಹಾಗಾಯಿತು, ಅಲ್ವಾ? ಮೇಲಿಂದ ನಂಬರ್ ಬ್ಯಾನ್ ಆಯಿತು ಅಂತಾದರೆ ಅವನೇ ಒಳಗೆ ಬರಲಿಕ್ಕೆ ಆಗುವುದಿಲ್ಲ. ಇರುವ ಒಂದು ಕೀಯನ್ನೂ ಬಾವಿಗೆ ಹಾಕಿದ ಹಾಗೆ. ದಯವಿಟ್ಟು ಮಾಡಬೇಡಿ. ಕಂಪೆನಿಗೆ ಬರೆದರೂ ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಅಡ್ಮಿನ್ ಮಾಡಿಕೊಡುವುದಿಲ್ಲ.

ಕಾರ್ಯದರ್ಶಿ ಅಣ್ಣ, ಇನ್‌ಕಮಿಂಗ್ ಇಲ್ಲ ಅಂದರೆ ಒಳ್ಳೆ ಸುದ್ದಿ. ರೀಚಾರ್ಜ್ ಮುಗಿದಿದೆ, ನಂಬರ್ ಇನ್ನೂ ಅವನ ಹೆಸರಿನಲ್ಲೇ ಇದೆ. ಆದರೆ ತಡ ಮಾಡಬೇಡಿ. 90 ದಿನ ಕಾಲು, ಮೆಸೇಜು, ಡೇಟಾ ಏನೂ ಬಳಸದಿದ್ದರೆ ನಂಬರ್ ಬಂದ್ ಮಾಡಬಹುದು. ಆಮೇಲೆ ಸ್ವಲ್ಪ ಕಾಲ ಬಿಟ್ಟು ಅದನ್ನು ಬೇರೆಯವರಿಗೆ ಕೊಡುತ್ತಾರೆ. ಗುರುತಿಲ್ಲದ ಯಾರೋ ಆ ನಂಬರಿನಲ್ಲಿ ವಾಟ್ಸಾಪ್ ತೆರೆದರೆ ನಿಮ್ಮ ಕೈಯಲ್ಲಿ ಏನೂ ಉಳಿಯುವುದಿಲ್ಲ.

ಸುಮ್ನೆ ಕಾದರೆ ಏನಾಗುತ್ತದೆ ಅಂತಲೂ ಹೇಳುತ್ತೇನೆ. ಸುಮಾರು 120 ದಿನ ಬಳಸದ ಅಕೌಂಟನ್ನು ವಾಟ್ಸಾಪ್ ಸಾಮಾನ್ಯವಾಗಿ ತೆಗೆದುಹಾಕುತ್ತದೆ. ಜೂನ್ ಎರಡನೇ ವಾರದಿಂದ ಎಣಿಸಿದರೆ ಅದು ಅಕ್ಟೋಬರ್ ಎರಡನೇ ವಾರ, ಅಂದರೆ ನಿಮ್ಮ ನವರಾತ್ರಿ ಸಮಯಕ್ಕೇ ಬಂತು. ಆಗ 412 ಜನರಲ್ಲಿ ಯಾರು ಅಡ್ಮಿನ್ ಆಗುತ್ತಾರೆ ಅಂತ ಆರಿಸಲಿಕ್ಕೆ ನಿಮಗೆ ಆಗುವುದಿಲ್ಲ.

ಹಾಗಾಗಿ ಇವತ್ತೇ ಸಿಮ್ ಹುಡುಕಿ. ಮನೆಯಲ್ಲೇ ಬಿಟ್ಟು ಹೋಗಿದ್ದರೆ ರೀಚಾರ್ಜ್ ಮಾಡಿ ಯಾವುದಾದರೂ ಫೋನಿಗೆ ಹಾಕಿ, ಕೀಪ್ಯಾಡ್ ಫೋನ್ ಆದರೂ ಸಾಕು. ವಾಟ್ಸಾಪ್ ತೆರೆಯುವುದು ಮಾತ್ರ ದುಬೈಯಲ್ಲಿ ಅವನ ಫೋನಿನಲ್ಲೇ ಆಗಲಿ, ನಿಮ್ಮ ಫೋನಿನಲ್ಲಿ ಬೇಡ. ಅವನ ಸ್ವಂತ ಮೆಸೇಜುಗಳೂ ಅದೇ ಅಕೌಂಟಿಗೆ ಬರುತ್ತವೆ. ಈಗ ಒಂದೇ ವಾಟ್ಸಾಪಿನಲ್ಲಿ ಎರಡು ಅಕೌಂಟ್ ಇಡಬಹುದು. ಸೆಟ್ಟಿಂಗಿನಲ್ಲಿ Add account ಒತ್ತಿ ಹಳೆ ನಂಬರ್ ಹಾಕಲಿ, ಹೊಸ ದುಬೈ ನಂಬರಿಗೆ ಏನೂ ತೊಂದರೆ ಇಲ್ಲ. ಆರು ಅಂಕಿಯ ಕೋಡ್ ಇಲ್ಲಿರುವ ಸಿಮ್ಮಿಗೆ ಬರುತ್ತದೆ. ಅದನ್ನು ಅವನಿಗೆ ಓದಿ ಹೇಳಬೇಕು. ವಾಟ್ಸಾಪ್ ಕಾಲ್ ಅಲ್ಲಿ ನಡೆಯುವುದಿಲ್ಲ, ಗೊತ್ತಲ್ಲ. ಬೋಟಿಮ್‌ನಲ್ಲೋ ಸಾದಾ ಕಾಲಿನಲ್ಲೋ ಮಾತಾಡುತ್ತಾ ಮಾಡಿ. ಎಸ್ಸೆಮ್ಮೆಸ್ ಬಾರದಿದ್ದರೆ ಮತ್ತೆ ಮತ್ತೆ ಕೇಳಬೇಡಿ, ಒಂದೊಂದು ಸಲಕ್ಕೂ ಕಾಯುವ ಹೊತ್ತು ಜಾಸ್ತಿ ಆಗುತ್ತದೆ. Call me ಒತ್ತಿದರೆ ಕಾಲ್ ಬಂದು ಕೋಡನ್ನು ಬಾಯಲ್ಲೇ ಹೇಳುತ್ತದೆ.

ಒಳಗೆ ಹೋದ ಮೇಲೆ ಹಳೆ ಮೆಸೇಜ್ ಕಾಣದಿದ್ದರೆ ಗಾಬರಿ ಬೇಡ. ಅಕೌಂಟ್ ಡಿಲೀಟ್ ಆಗಿಲ್ಲದ ಕಾರಣ ಅವನು ಗ್ರೂಪಿನಲ್ಲಿ ಇದ್ದೇ ಇದ್ದಾನೆ. ಸದಸ್ಯರ ಪಟ್ಟಿಯಲ್ಲಿ ನಿಮ್ಮ ಹೆಸರು ಒತ್ತಿ Make group admin ಕೊಡಲಿ. ನೀವೊಬ್ಬರೇ ಬೇಡ, ಕಡಿಮೆ ಅಂದರೂ ಮೂರು ಜನ. ಅದರಲ್ಲಿ ಒಬ್ಬರಾದರೂ ಊರು ಬಿಟ್ಟು ಹೋಗದವರು ಇರಲಿ.

ಸಿಮ್ಮೇ ಕಳೆದುಹೋಗಿದ್ದರೆ ಯಾರ ಹೆಸರಿನಲ್ಲಿದೆಯೋ ಅವರೇ ಕಂಪೆನಿ ಸ್ಟೋರಿಗೆ ಹೋಗಿ ಬದಲಿ ಸಿಮ್ ತೆಗೆಯಬೇಕು. ಹೊಸ ಸಿಮ್ಮಿಗೆ ಮೊದಲ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ. ವಂಚನೆ ತಡೆಯಲಿಕ್ಕೆ ಇಟ್ಟ ನಿಯಮ ಅದು. ಹಾಳಾಗಿದೆ ಅಂತ ವಾಪಸ್ ಕೊಟ್ಟು ಬರಬೇಡಿ.

ಮೂಡುಬಿದಿರೆಯ ಒಬ್ಬ ಸದಸ್ಯೆ:
ನಮ್ಮದೂ ಇದೇ ತೊಂದರೆ. ಯಕ್ಷಗಾನದ ಫೋಟೋ ಹಾಕುವ ಫೇಸ್‌ಬುಕ್ ಗುಂಪು. ನಡೆಸುತ್ತಿದ್ದ ಮಾವ ತೀರಿಕೊಂಡರು. ಅವರ ಅಕೌಂಟನ್ನು ನೆನಪಿನ ಅಕೌಂಟ್ ಮಾಡಿಸಿ ಅಂತ ಮನೆಯವರಿಗೆ ಹೇಳಿದ್ದೇನೆ. ಸಿಮ್ ತೆಗೆದರೆ ನಮಗೂ ಆಗುತ್ತದಾ?

ಉತ್ತರ:
ಅಕ್ಕ, ನಿಮ್ಮದು ಬೇರೆ ದಾರಿ. ಸಿಮ್ ಸಂಗತಿ ವಾಟ್ಸಾಪಿಗೆ. ಮನೆಯವರು ಅರ್ಜಿ ಹಾಕುವ ಮೊದಲು ಒಂದು ನೋಡಿಕೊಳ್ಳಿ: ಅದು ಫೇಸ್‌ಬುಕ್ ಗ್ರೂಪಾ, ಪೇಜಾ? ಗ್ರೂಪ್ ಆದರೆ, ಒಬ್ಬನೇ ಅಡ್ಮಿನ್‌ನ ಅಕೌಂಟ್ ನೆನಪಿನ ಅಕೌಂಟ್ ಆದ ಮೇಲೆ ಸದಸ್ಯರಿಗೆ ಹೊಸ ಅಡ್ಮಿನ್ ಆಗುವ ಅವಕಾಶ ತೆರೆಯುತ್ತದೆ. ಪೇಜ್ ಆದರೆ ಉಲ್ಟಾ. ಬೇರೆ ಅಡ್ಮಿನ್ ಇಲ್ಲದ ಪೇಜನ್ನೇ ಫೇಸ್‌ಬುಕ್ ತೆಗೆದುಹಾಕುತ್ತದೆ. ಒಮ್ಮೆ ನೆನಪಿನ ಅಕೌಂಟ್ ಆದರೆ ಪಾಸ್‌ವರ್ಡ್ ಗೊತ್ತಿದ್ದರೂ ಒಳಗೆ ಹೋಗಲಿಕ್ಕೆ ಆಗುವುದಿಲ್ಲ. ಪೇಜ್ ಅಂತ ಗೊತ್ತಾದರೆ ಅರ್ಜಿ ನಿಲ್ಲಿಸಿ, ಮೊದಲು ಫೋಟೋಗಳನ್ನೆಲ್ಲ ಇಳಿಸಿಕೊಳ್ಳಿ.

ಮೂಡುಬಿದಿರೆಯ ಸದಸ್ಯೆ:
ಅಯ್ಯೋ ದೇವರೇ. ಗ್ರೂಪಾ ಪೇಜಾ ಅಂತ ನಾನು ನೋಡಿಯೇ ಇಲ್ಲ. ಈಗಲೇ ಫೋನ್ ಮಾಡುತ್ತೇನೆ.

ಕೇಳಿದವರು (ಮಾರನೇ ದಿನ):
ಸಿಮ್ ಸಿಕ್ಕಿತು! ಅವನ ಅಮ್ಮನ ಕೀಪ್ಯಾಡ್ ಫೋನಿನಲ್ಲಿ ಎರಡನೇ ಸಿಮ್ ಆಗಿ ಕೂತಿತ್ತು. ಅವರಿಗೆ ಗೊತ್ತೇ ಇರಲಿಲ್ಲ. ಆಗಸ್ಟಿನಲ್ಲಿ ರೀಚಾರ್ಜ್ ಮುಗಿದಿತ್ತು. ಹಾಕಿಸಿದೆ. ಅಡುಗೆಮನೆ ಕಟ್ಟೆಯ ಮೇಲೆ ಫೋನ್ ಇಟ್ಟುಕೊಂಡು ಕೂತೆವು. ಎಸ್ಸೆಮ್ಮೆಸ್ ಬರಲಿಲ್ಲ, Call me ಒತ್ತಿದ ಮೇಲೆ ಕಾಲ್ ಬಂತು. ಅಮ್ಮ ಒಂದೊಂದೇ ಅಂಕಿ ಗಟ್ಟಿಯಾಗಿ ಹೇಳಿದರು, ನಾನು ಬೋಟಿಮ್‌ನಲ್ಲಿ ಅವನಿಗೆ ದಾಟಿಸಿದೆ. ಕೋಡ್ ಸರಿ ಆಯಿತು. ಆದರೆ ಈಗ ಇನ್ನೊಂದು ಆರು ಅಂಕಿಯ ಪಿನ್ ಕೇಳುತ್ತಿದೆ. ಅವನಿಗೆ ನೆನಪಿಲ್ಲ. ಹುಟ್ಟಿದ ದಿನ, ಬೈಕ್ ನಂಬರ್ ಎಲ್ಲ ಹಾಕಿ ನೋಡಿದ.

ಉತ್ತರ:
ಊಹೆ ಮಾಡಿ ಹಾಕುವುದನ್ನು ಈಗಲೇ ನಿಲ್ಲಿಸಲಿಕ್ಕೆ ಹೇಳಿ. ಅದು ಎರಡನೇ ಹಂತದ ಪಿನ್, ಅವನೇ ಯಾವತ್ತೋ ಇಟ್ಟದ್ದು. ಇಡುವಾಗ ಇಮೇಲ್ ಕೊಟ್ಟಿದ್ದರೆ Forgot PIN ಒತ್ತಿದಾಗ ಅದಕ್ಕೆ ಲಿಂಕ್ ಬರುತ್ತದೆ, ಇವತ್ತೇ ಮುಗಿಯುತ್ತದೆ. ಕೊಟ್ಟಿಲ್ಲದಿದ್ದರೆ ಏಳು ದಿನ ಕಾಯಲೇಬೇಕು. ಆಮೇಲೆ ಪಿನ್ ಇಲ್ಲದೆ ಒಳಗೆ ಬಿಡುತ್ತದೆ. ಆ ಏಳು ದಿನವೂ ಸಿಮ್ ಚಾಲೂ ಇರಲಿ, ಕೊನೆಗೆ ಕೋಡ್ ಮತ್ತೆ ಬೇಕಾಗಬಹುದು.

ಕೇಳಿದವರು:
ಇಮೇಲ್ ಕೊಟ್ಟಿಲ್ಲವಂತೆ. ಏಳು ದಿನ ಅಂದರೆ ಮುಂದಿನ ಗುರುವಾರ. ಅಲ್ಲಿವರೆಗೆ ಪಾಳಿ ಪಟ್ಟಿ ಏನು ಮಾಡುವುದು? ಹೊಸ ಗ್ರೂಪ್ ಮಾಡಲಾ?

ಉತ್ತರ:
ನನ್ನ ಮಾತು ಕೇಳಿದರೆ 412 ಜನರ ಹೊಸ ಗ್ರೂಪ್ ಬೇಡ. ಗುರುವಾರ ಹಳೆಯದು ಸಿಕ್ಕಿದರೆ ಎರಡು ಗ್ರೂಪ್ ಆಗುತ್ತದೆ, ಯಾವುದರಲ್ಲಿ ನೋಡುವುದು ಅಂತ ಜನ ಕೇಳುತ್ತಾರೆ. ಪಾಳಿಯಲ್ಲಿ ನಿಜವಾಗಿ ಹಾಡುವವರು, ತಾಳ ಹಾಕುವವರು ಎಷ್ಟು ಮಂದಿ? ಐವತ್ತೋ ಅರವತ್ತೋ ಇರಬಹುದು. ಅಷ್ಟು ಜನರಿಗೆ ಮಾತ್ರ ತಾತ್ಕಾಲಿಕ ಗ್ರೂಪ್ ಮಾಡಿ. ಹೆಸರಿನಲ್ಲೇ ನವರಾತ್ರಿ ಪಾಳಿ ಅಂತ ಹಾಕಿ.

ಉಳಿದವರಿಗೆ ನೀವೊಬ್ಬರೇ ಒಂದೊಂದು ಮೆಸೇಜ್ ಕಳಿಸಲಿಕ್ಕೆ ಹೋಗಬೇಡಿ. ನಂಬರ್ ಸೇವ್ ಇಲ್ಲದ ನೂರಾರು ಜನರಿಗೆ ಒಟ್ಟಿಗೆ ಕಳಿಸಿದರೆ ವಾಟ್ಸಾಪ್ ನಿಮ್ಮ ಅಕೌಂಟನ್ನೇ ತಡೆಯಬಹುದು. ಹತ್ತು ಜನ ಹಂಚಿಕೊಳ್ಳಿ. ಪಟ್ಟಿ ನೋಡಿ ಅವರವರ ಗುರುತಿನ ಮೂವತ್ತು ನಲವತ್ತು ಮನೆಗೆ ಅವರವರೇ ತಿಳಿಸಲಿ.

ಸುರತ್ಕಲ್‌ನ ಸದಸ್ಯರು:
ಅವನು ದುಬೈಗೆ ಹೋಗುವಾಗಲೇ ಏನಾದರೂ ಮಾಡಬಹುದಿತ್ತಾ? ನನ್ನ ತಮ್ಮ ಮುಂದಿನ ತಿಂಗಳು ಕುವೈತಿಗೆ ಹೊರಟಿದ್ದಾನೆ. ಅವನ ಹತ್ತಿರ ಮೂರು ಗ್ರೂಪ್ ಇದೆ.

ಉತ್ತರ:
ಹೊರಡುವ ಮೊದಲೇ ಮೂರರಲ್ಲೂ ಬೇರೆಯವರನ್ನು ಅಡ್ಮಿನ್ ಮಾಡಲಿ. ಅಲ್ಲಿ ಹೊಸ ನಂಬರ್ ಸಿಕ್ಕಿದಾಗ ಹೊಸದಾಗಿ ವಾಟ್ಸಾಪ್ ತೆರೆಯುವುದು ಬೇಡ. ಹಳೆ ವಾಟ್ಸಾಪಿನ ಒಳಗಿಂದಲೇ Change number ಕೊಡಲಿ. ಆಗ ಗ್ರೂಪ್, ಅಡ್ಮಿನ್ ಎಲ್ಲ ಹೊಸ ನಂಬರಿಗೆ ದಾಟುತ್ತದೆ. ಕಟಪಾಡಿ ಹುಡುಗ ತಪ್ಪಿದ್ದು ಅಲ್ಲೇ.

ಕೇಳಿದವರು:
ತಾತ್ಕಾಲಿಕ ಗ್ರೂಪ್ ಮಾಡಿದೆ, 58 ಜನ ಬಂದರು. ಮೊದಲ ಮೂರು ದಿನದ ಪಾಳಿ ತುಂಬಿತು. ಅಮ್ಮನಿಗೆ ಫೋನ್ ಚಾರ್ಜಿನಲ್ಲಿಡಲಿಕ್ಕೆ ಹೇಳಿ ಬಂದಿದ್ದೇನೆ. ಗುರುವಾರ ಏನಾಯಿತು ಅಂತ ಇಲ್ಲೇ ಹಾಕುತ್ತೇನೆ.