ಸ್ನಾನದ ಬಕೆಟ್, ಚೊಂಬು ಮತ್ತು ಎರಡು ವರ್ಷದ ಮಗುವಿನ ಮಾತು

ಪ್ರಶ್ನೆ (ತಾಯಿ, ಜಯನಗರ): ಮಗನಿಗೆ 2 ವರ್ಷ ತುಂಬಿತು. 20 ಪದ ಹೇಳಿದರೆ ಹೆಚ್ಚು. ಆಫೀಸಿನಿಂದ ಬಂದು ಕೂತು ಆಡಿಸಲು ಟೈಮ್ ಸಿಗುವುದಿಲ್ಲ. ಸ್ನಾನ, ಊಟದ ಹೊತ್ತಲ್ಲೇ ಮನೆ ಸಾಮಾನಿನಿಂದ ಮಾತು ಕಲಿಸಬಹುದಾ ಮೇಡಂ?

ಸ್ಪೀಚ್ ಥೆರಪಿಸ್ಟ್: ಆಗುತ್ತೆ. ಸದ್ಯಕ್ಕೆ ಸ್ನಾನ ಒಂದನ್ನೇ ಹಿಡಿಯಿರಿ. ಬಕೆಟ್, ಚೊಂಬು, ಸೋಪು, ಟವೆಲ್ ಸಾಕು. "ಇದೇನು? ಅದೇನು?" ಅಂತ ಪರೀಕ್ಷೆ ಮಾಡಬೇಡಿ, ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ನೀವು ಮಾಡುವ ಕೆಲಸವನ್ನೇ ಚಿಕ್ಕದಾಗಿ ಹೇಳಿ: "ನೀರು ಹಾಕು", "ಸೋಪು ಉಜ್ಜು", "ಬಿಸಿ ನೀರು", "ತಲೆ ಒರೆಸು". ದಿನಾ ಅದೇ ಕ್ರಮ, ಅದೇ ಮಾತು. ಬರೀ ವಸ್ತುಗಳ ಹೆಸರು ಕಲಿತರೆ ಎರಡು ಪದ ಜೋಡಿಸಲು ಆಗುವುದಿಲ್ಲ. ಹಾಕು, ತೆಗಿ, ಬೇಕು, ಸಾಕು ಇಂಥವೂ ಬೇಕು.

ನಾಲ್ಕೈದು ದಿನವಾದ ಮೇಲೆ ಚೊಂಬಿನಲ್ಲಿ ನೀರು ತುಂಬಿ, ಮೇಲಕ್ಕೆತ್ತಿ, ಸುಮ್ನೆ ನಿಲ್ಲಿಸಿ. ಮುಖ ನೋಡುತ್ತಾ ಮನಸ್ಸಲ್ಲೇ 5ರವರೆಗೆ ಎಣಿಸಿ. ಅವನು "ನೀ" ಅಂದರೆ "ನೀರು ಹಾಕು" ಎಂದು ಹೇಳಿ ತಕ್ಷಣ ಸುರಿಯಿರಿ. ಕೈ ತೋರಿಸಿದರೂ, ನೋಡಿ ನಕ್ಕರೂ ಸರಿ, ಹೇಳಿ ಸುರಿಯಿರಿ. "ಸರಿಯಾಗಿ ಹೇಳು, ಆಮೇಲೆ ಹಾಕ್ತೀನಿ" ಅಂತ ಕಾಡಬೇಡಿ. ಒಂದು ಮಾತು: ಬಕೆಟ್‌ನಲ್ಲಿ ಸ್ವಲ್ಪವೇ ನೀರಿದ್ದರೂ ಮಗುವನ್ನು ಒಂಟಿಯಾಗಿ ಬಿಡಬಾರದು, ಬಾಗಿಲು ತೆಗೆಯಲು ಹೋದರೂ.

ಸದಸ್ಯರು (ಅಜ್ಜಿ, ಮಲ್ಲೇಶ್ವರಂ): ಮಕ್ಕಳ ಹತ್ತಿರ ಮಾತಾಡುತ್ತಲೇ ಇರಬೇಕಮ್ಮ, ನಮ್ಮ ಕಾಲದಲ್ಲಿ ಹಾಗೇ. ಜೊತೆಗೆ ಎರಡು ಭಾಷೆ ಬೇಡ, ಅದಕ್ಕೇ ಲೇಟಾಗೋದು.

ಸ್ಪೀಚ್ ಥೆರಪಿಸ್ಟ್: ಮಾತಾಡಬೇಕು ಅನ್ನೋದು ಸರಿ ಅಮ್ಮ, ಆದರೆ ನಿಲ್ಲಿಸದೇ ಮಾತಾಡಿದರೆ ಮಗುವಿಗೆ ಸರದಿ ಸಿಗುವುದಿಲ್ಲ. ಎರಡು ಭಾಷೆಯಿಂದ ಮಾತು ತಡವಾಗುವುದಿಲ್ಲ. ಪದ ಎಣಿಸುವಾಗ ಎರಡೂ ಭಾಷೆಯವನ್ನು ಸೇರಿಸಿಕೊಳ್ಳಿ.

ಸದಸ್ಯರು (ತಂದೆ, ವಿಜಯನಗರ): ನನ್ನ 4 ವರ್ಷದ ಮಗಳು "ರ"ಗೆ "ಲ" ಅನ್ನುತ್ತಾಳೆ. ಇದೇ ಚೊಂಬಿನ ಆಟ ಆಡಿಸಲಾ?

ಸ್ಪೀಚ್ ಥೆರಪಿಸ್ಟ್: ಅದು ಬೇರೆ ವಿಷಯ ಸರ್, ಉಚ್ಚಾರದ್ದು. ಈ ವಯಸ್ಸಿಗೆ "ರ" ಇನ್ನೂ ಕೂರದಿರಬಹುದು. ಬೇರೆಯಾಗಿ ಕೇಳಿ.

ತಾಯಿ: ನಮ್ಮವರು ತೆಲುಗು, ನಾನು ಕನ್ನಡ. ಅದನ್ನೂ ಸೇರಿಸಿದರೆ 25 ಆಗಬಹುದು. ಇನ್ನೂ ಕಾಯಲಾ?

ಸ್ಪೀಚ್ ಥೆರಪಿಸ್ಟ್: ಕಾಯಬೇಡಿ. ಸಾಮಾನ್ಯವಾಗಿ ಈ ವಯಸ್ಸಿಗೆ 50ರ ಆಸುಪಾಸು ಪದ, "ಅಮ್ಮ ಬಾ" ಥರದ ಜೋಡಿ ಮಾತು ಇರುತ್ತದೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ. ಶಬ್ದಕ್ಕೆ ತಿರುಗುತ್ತಾನೆ ಅಂದ ಮಾತ್ರಕ್ಕೆ ಎಲ್ಲ ಅಕ್ಷರವೂ ಕೇಳಿಸುತ್ತದೆ ಅಂತಲ್ಲ. ಕೈ ತೋರಿಸದೆ, ಆ ಕಡೆ ನೋಡದೆ "ಟವೆಲ್ ತಾ" ಅನ್ನಿ. ತಂದರೆ ಅರ್ಥವಾಗುತ್ತಿದೆ, ಅದು ಒಳ್ಳೆಯ ಲಕ್ಷಣ. ತರದಿದ್ದರೆ ಅದನ್ನೂ ಪರೀಕ್ಷೆ ಮಾಡುವವರಿಗೆ ಹೇಳಿ. ತಾನಾಗೇ ಮಾತು ಹಿಡಿದುಕೊಳ್ಳುತ್ತಾನಾ, ಥೆರಪಿ ಬೇಕಾ ಅನ್ನೋದನ್ನು ನೋಡದೆ ಹೇಳಲಾರೆ.

ತಾಯಿ: ಟವೆಲ್ ತಂದ ಮೇಡಂ! ಜೊತೆಗೆ ಚೊಂಬೂ ತಂದ. ಶನಿವಾರಕ್ಕೆ ಕಿವಿ ಪರೀಕ್ಷೆಗೆ ಬರೆಸಿದ್ದೇನೆ.