1,800 ಪಿಎಫ್ ಅಂದ್ರೆ ಬೇಸಿಕ್ 15,000 ಅಂತ ಹೇಗೆ ಹೇಳ್ತೀರಿ?

ಗುಂಪು: ಹೊಸಮನೆ ಬಳಗ, ತೀರ್ಥಹಳ್ಳಿ
ಏಪ್ರಿಲ್ 2025, ಭಾನುವಾರ

ಮಂಜು: (ಫೋಟೊ: ಜನವರಿ 2025ರ ಪೇ ಸ್ಲಿಪ್) ಎಲ್ಲರೂ ಒಂದ್ಸಲ ನೋಡಿ. ಮಾರ್ಚ್‌ಗೆ ಕೆಲಸ ಬಿಟ್ಟೆ, ಸರಿಯಾಗಿ 6 ವರ್ಷ ಆಗಿತ್ತು. ಗ್ರಾಚುಯಿಟಿ ಅಂತ 51,923 ರೂಪಾಯಿ ಹಾಕಿದಾರೆ. ಸ್ಲಿಪ್‌ನಲ್ಲಿ ಬೇಸಿಕ್ ಅಂತ ಬೇರೆ ಸಾಲೇ ಇಲ್ಲ. ಒಟ್ಟು 38,000, ಪಿಎಫ್ 1,800, ಪಿಟಿ 200, ಕೈಗೆ 36,000, ಅಷ್ಟೇ. ಈ ದುಡ್ಡು ಸರಿ ಇದೆಯಾ ಅಂತ ಹೇಗೆ ನೋಡೋದು?

ದೊಡ್ಡಪ್ಪ: ಪಿಎಫ್ ಹಿಡಿಯೋದು ಬೇಸಿಕ್‌ನ ನೂರಕ್ಕೆ 12. 1,800ನ್ನ 0.12ರಿಂದ ಭಾಗಿಸು, 15,000 ಬರತ್ತೆ. ಅದೇ ನಿನ್ನ ಬೇಸಿಕ್. 15,000ಕ್ಕೆ ವರ್ಷಕ್ಕೆ 15 ದಿನದ ಹಾಗೆ, 26ರಿಂದ ಭಾಗಿಸಿ 6 ವರ್ಷಕ್ಕೆ ಗುಣಿಸಿದ್ರೆ 51,923. ಸರಿಯಾಗೇ ಕೊಟ್ಟಿದಾರೆ ಮಾರಾಯ.

ರಘು ಭಾವ: ನಾನೂ ಅದೇ ಲೆಕ್ಕ ಹಾಕ್ದೆ, ಅಷ್ಟೇ ಬಂತು.

ಸುಮಕ್ಕ: ದೊಡ್ಡಪ್ಪ, ಗ್ರಾಚುಯಿಟಿ ಸೂತ್ರ ಸರಿ ಇದೆ. ಆದ್ರೆ 15,000 ಅನ್ನೋದನ್ನ ಒಪ್ಪಕ್ಕಾಗಲ್ಲ. ಶಿವಮೊಗ್ಗದಲ್ಲಿ ಒಂಬತ್ತು ವರ್ಷ ಸಂಬಳದ ಪಟ್ಟಿ ಮಾಡಿದೀನಿ, ಜನ ಮೋಸ ಹೋಗೋದು ಇಲ್ಲೇ. ಸೆಪ್ಟೆಂಬರ್ 2014ರಿಂದ ಪಿಎಫ್‌ಗೆ ಕಡ್ಡಾಯ ಮಿತಿ 15,000. ಬೇಸಿಕ್ ಮತ್ತು ಡಿಎ ಸೇರಿ ಅದಕ್ಕಿಂತ ಎಷ್ಟೇ ಜಾಸ್ತಿ ಇದ್ರೂ ಕಂಪನಿ 15,000ಕ್ಕೆ ಮಾತ್ರ 12 ಪರ್ಸೆಂಟ್ ಹಿಡಿಯಬಹುದು. ಬೇಸಿಕ್ 15,000 ಇದ್ರೂ 1,800, 24,000 ಇದ್ರೂ 1,800, 60,000 ಇದ್ರೂ 1,800. ಹಾಗಾಗಿ 1,800 ಕಂಡ್ರೆ "15,000 ಅಥವಾ ಅದಕ್ಕಿಂತ ಜಾಸ್ತಿ" ಅಂತ ಮಾತ್ರ ಹೇಳಬಹುದು.

ದೊಡ್ಡಪ್ಪ: ಹಾಗಾದ್ರೆ ಹಿಂದಕ್ಕೆ ಲೆಕ್ಕ ಹಾಕೋದೇ ತಪ್ಪು ಅಂತೀಯಾ?

ಸುಮಕ್ಕ: ತಪ್ಪಲ್ಲ. 1,800ಕ್ಕಿಂತ ಕಡಿಮೆ ಇದ್ರೆ ನಡೆಯತ್ತೆ. ಮಂಜು, ಸೇರಿದ ಹೊಸತರಲ್ಲಿ ಎಷ್ಟು ಹಿಡೀತಿದ್ರು?

ಮಂಜು: 2019ರ ಸ್ಲಿಪ್‌ನಲ್ಲಿ 1,440 ಇದೆ.

ಸುಮಕ್ಕ: ಆಗ ಬೇಸಿಕ್ 12,000. ಪಿಎಫ್‌ನ ಪೂರ್ತಿ ರೂಪಾಯಿಗೆ ಸರಿಮಾಡ್ತಾರಲ್ಲ, ನಾಲ್ಕು ರೂಪಾಯಿ ಆಚೀಚೆ ಇರಬಹುದು, ಅಷ್ಟೇ. ಆದ್ರೆ ಅದು ರಜೆ ಕಡಿತ ಇಲ್ಲದ ಪೂರ್ತಿ ತಿಂಗಳು ಆಗಿರಬೇಕು. 2020ರ ಮೇ, ಜೂನ್, ಜುಲೈ ಸ್ಲಿಪ್ ಮಾತ್ರ ತೆಗೀಬೇಡ. ಆ ಮೂರು ತಿಂಗಳು ಸರ್ಕಾರ ದರಾನ 10 ಪರ್ಸೆಂಟ್‌ಗೆ ಇಳಿಸಿತ್ತು, 0.12ರಿಂದ ಭಾಗಿಸಿದ್ರೆ ಸಂಬಳಾನೇ ಇಳಿದಿತ್ತೇನೋ ಅನ್ನೋ ಹಾಗೆ ಕಾಣತ್ತೆ.

ರಘು ಭಾವ: ಅಷ್ಟೆಲ್ಲ ಯಾಕೆ, ಪಾಸ್‌ಬುಕ್ ನೋಡಿದ್ರೆ ಆಯ್ತಲ್ಲ. ಅದರಲ್ಲಿ ಸಂಬಳದ ಕಾಲಮ್ ಇದೆ.

ಮಂಜು: ನೋಡ್ದೆ ಭಾವ. 15,000 ಅಂತಾನೇ ಇದೆ.

ದೊಡ್ಡಪ್ಪ: ನೋಡಿ, ಸರ್ಕಾರದ ಪುಸ್ತಕದಲ್ಲೇ ಇದೆಯಲ್ಲ!

ಸುಮಕ್ಕ: ದೊಡ್ಡಪ್ಪ, ಅಲ್ಲಿ ಇರೋದು ಯಾವ ಮೊತ್ತದ ಮೇಲೆ ಪಿಎಫ್ ಕಟ್ಟಿದಾರೆ ಅನ್ನೋದು. ಕಂಪನಿ ತುಂಬಿದ್ದೇ ಅಲ್ಲಿ ಬರತ್ತೆ, ಮಿತಿಗೆ ಕಟ್ಟಿದ್ರೆ 15,000 ಅಂತಾನೇ ತುಂಬ್ತಾರೆ. ನಿಜವಾದ ಬೇಸಿಕ್ ಎಷ್ಟು ಅಂತ ಆ ಪುಸ್ತಕಕ್ಕೆ ಗೊತ್ತಿಲ್ಲ. ಮಂಜು, ನೀನು ಸಂಬಳ ಇಲ್ಲದ ರಜೆ ಹಾಕಿದ ತಿಂಗಳು ಯಾವ್ದಾದ್ರೂ ಇದೆಯಾ? ಇತ್ತೀಚಿನದು.

ಮಂಜು: ಇದೆ ಸುಮಕ್ಕ. ಹೋದ ವರ್ಷ ಜೂನ್‌ನಲ್ಲಿ ಅಡಿಕೆಗೆ ಕೊಳೆ ಔಷಧಿ ಹೊಡೆಸಕ್ಕೆ ಅಂತ ಊರಿಗೆ ಬಂದಿದ್ನಲ್ಲ. ಮಳೆ ಬಿಡದೆ ನಾಲ್ಕು ದಿನ ಜಾಸ್ತಿ ಆಯ್ತು, ರಜೆ ಇರಲಿಲ್ಲ, ಸಂಬಳ ಹಿಡಿದ್ರು. (ಫೋಟೊ: ಜೂನ್ 2024ರ ಪೇ ಸ್ಲಿಪ್) ಒಟ್ಟು 32,933 ಇದೆ.

ಸುಮಕ್ಕ: ಪಿಎಫ್ ಎಷ್ಟು ಹಿಡಿದಿದಾರೆ ನೋಡು.

ಮಂಜು: 1,800. ಅರೆ, ಅದು ಕಡಿಮೆ ಆಗಿಲ್ಲ!

ಸುಮಕ್ಕ: ಅದೇ ನಾನು ಹುಡುಕ್ತಿದ್ದಿದ್ದು. 30 ದಿನದಲ್ಲಿ 26 ದಿನಕ್ಕೆ ಸಂಬಳ ಕೊಟ್ಟಿದಾರೆ. ಬೇಸಿಕ್ 15,000 ಆಗಿದ್ರೆ ಆ ತಿಂಗಳ ಬೇಸಿಕ್ 13,000ಕ್ಕೆ ಇಳೀತಿತ್ತು, ಪಿಎಫ್ 1,560 ಆಗ್ತಿತ್ತು. 1,800 ಇದೆ ಅಂದ್ರೆ 26 ದಿನಕ್ಕೇ 15,000 ದಾಟಿದೆ. 15,000ನ್ನ 26ರಿಂದ ಭಾಗಿಸಿ 30ರಿಂದ ಗುಣಿಸಿದ್ರೆ 17,308. ಪೂರ್ತಿ ತಿಂಗಳ ಬೇಸಿಕ್ ಅದಕ್ಕಿಂತ ಕಡಿಮೆ ಇರಕ್ಕೆ ಸಾಧ್ಯ ಇಲ್ಲ.

ದೊಡ್ಡಪ್ಪ: ಒಂದು ಮಾತು ಕೇಳ್ತೀನಿ, ತಪ್ಪು ತಿಳ್ಕೋಬೇಡ. ಪ್ರತಿ ತಿಂಗಳೂ ಕಣ್ಣುಮುಚ್ಚಿ 1,800 ಹಿಡಿಯೋ ಆಫೀಸ್ ಇರಲ್ವಾ?

ಸುಮಕ್ಕ: ಇರ್ತವೆ ದೊಡ್ಡಪ್ಪ. ಸರಿಯಾದ ಪ್ರಶ್ನೇನೇ. ಮಂಜುನ ಆಫೀಸ್ ಹಾಗೆ ಮಾಡ್ತಿದ್ರೆ ನನ್ನ ಈ ಲೆಕ್ಕ ನಿಲ್ಲಲ್ಲ. ಇನ್ನೊಂದು ಕಡೆ 15,000ದ ಮಿತೀನೇ ದಿನದ ಲೆಕ್ಕದಲ್ಲಿ ಇಳಿಸ್ತಾರೆ, ಅಲ್ಲಿ ಬೇಸಿಕ್ ಜಾಸ್ತಿ ಇದ್ರೂ 1,560 ಬರತ್ತೆ. ಹಾಗಾಗಿ ಇದೊಂದನ್ನೇ ಹಿಡ್ಕೊಂಡು ಜಗಳಕ್ಕೆ ಹೋಗಬಾರ್ದು. ಮಂಜು, ಕೊನೇ ಇನ್‌ಕ್ರಿಮೆಂಟ್ ಪತ್ರ ಇದೆಯಾ? ಸಿಟಿಸಿ ಲೆಕ್ಕ ಇರೋ ಹಾಳೆ?

ಮಂಜು: ಪೆಟ್ಟಿಗೇಲಿ ಇದೆ, ತಡೀರಿ.

ಅತ್ತೆ: ಮಂಜು, ಊಟ ಮಾಡಿದ್ಯಾ?

ಮಂಜು: ಆಯ್ತು ಅತ್ತೆ. (ಫೋಟೊ: ಏಪ್ರಿಲ್ 2024ರ ಪತ್ರ) ಇದರಲ್ಲೂ ಬೇಸಿಕ್ ಇಲ್ಲ. ತಿಂಗಳ ಸಂಬಳ 38,000, ಕಂಪನಿ ಪಾಲಿನ ಪಿಎಫ್ 1,800, ಗ್ರಾಚುಯಿಟಿ 1,154.

ಸುಮಕ್ಕ: ಸಿಕ್ತು ನೋಡು! ಗ್ರಾಚುಯಿಟಿಗೆ 15,000ದ ಮಿತಿ ಇಲ್ಲ. ಅದನ್ನ ಪೂರ್ತಿ ಬೇಸಿಕ್ ಮತ್ತು ಡಿಎ ಮೇಲೆ ತೆಗೀತಾರೆ. 15 ದಿನದ್ದನ್ನ 12 ತಿಂಗಳಿಗೆ ಹಂಚಿ ಬರೆದಿರೋ ಮೊತ್ತ ಇದು. ತಿರುಗಿಸಿ ಹಾಕು:

```
1154 × 12 × 26 ÷ 15 = 24,003
```

ಆ ಮೂರು ರೂಪಾಯಿ 1,154ಕ್ಕೆ ಸರಿಮಾಡಿದ್ದರಿಂದ ಬಂದಿದ್ದು. ಬೇಸಿಕ್ 24,000. ಜೂನ್ ಸ್ಲಿಪ್ ಹೇಳಿದ 17,308ಕ್ಕಿಂತ ಮೇಲೇ ಇದೆ, ಎರಡೂ ಒಂದಕ್ಕೊಂದು ಹೊಂದತ್ತೆ. 15,000 ಆಗಿದ್ರೆ ಈ ಸಾಲಲ್ಲಿ 721 ಇರಬೇಕಿತ್ತು.

ರಘು ಭಾವ: ಹಾಗಾದ್ರೆ ಗ್ರಾಚುಯಿಟಿ ಎಷ್ಟು ಬರಬೇಕಿತ್ತು?

ಸುಮಕ್ಕ: 24,000ಕ್ಕೆ 6 ವರ್ಷದ್ದು 83,077. ಕೊಟ್ಟಿರೋದು 51,923. 31,154 ರೂಪಾಯಿ ಕಡಿಮೆ ಆಗಿದೆ. ಲೆಕ್ಕ ಮಾಡಿದವರು ಪಿಎಫ್‌ನ 15,000ನೇ ಎತ್ತಿ ಗ್ರಾಚುಯಿಟಿಗೂ ಹಾಕಿದಾರೆ ಅಂತ ನನಗೆ ಅನ್ನಿಸತ್ತೆ.

ದೊಡ್ಡಪ್ಪ: ಪತ್ರದಲ್ಲಿ ಬರೆದಿದ್ದು ಬರೀ ಅಂದಾಜು ಅಂದ್ರೆ?

ಸುಮಕ್ಕ: ಅಂದ್ರೆ ನಿಜವಾದ ಬೇಸಿಕ್ ಎಷ್ಟು ಅಂತ ಅವ್ರೇ ತೋರಿಸ್ಲಿ. ಸಂಬಳದ ರಿಜಿಸ್ಟರ್ ಇರತ್ತೆ ಅವ್ರ ಹತ್ರ. ಮಂಜು, ಮೊದಲು ಜಗಳ ಬೇಡ. ಗ್ರಾಚುಯಿಟಿಗೆ ಯಾವ ಬೇಸಿಕ್ ತಗೊಂಡ್ರಿ ಅಂತ ಬರವಣಿಗೇಲಿ ಕೇಳು, ಏಪ್ರಿಲ್ ಪತ್ರ ಮತ್ತು ಜೂನ್ ಸ್ಲಿಪ್ ಎರಡನ್ನೂ ಸೇರಿಸಿ ಮೇಲ್ ಮಾಡು. ಉತ್ತರ ಕೊಡದೆ ಹೋದ್ರೆ 1972ರ ಗ್ರಾಚುಯಿಟಿ ಕಾಯ್ದೆ ಪ್ರಕಾರ ಕಾರ್ಮಿಕ ಇಲಾಖೆಗೆ ಹೋಗಬಹುದು, ಜೊತೆಗೆ ನಾನೇ ಬರ್ತೀನಿ.

ದೊಡ್ಡಪ್ಪ: ನಾನು ಸರಿ ಇದೆ ಅಂದು ಸುಮ್ನಾಗ್ಬಿಟ್ಟಿದ್ರೆ ಹುಡುಗನ ದುಡ್ಡು ಹೋಗ್ತಿತ್ತು. ಮಂಜು, ಮೇಲ್ ಬರೆದು ಕಳಿಸೋ ಮೊದ್ಲು ಇಲ್ಲಿ ಹಾಕು, ನಾನೂ ಓದ್ತೀನಿ.

ಮಂಜು: ಬರೀತಾ ಇದೀನಿ ದೊಡ್ಡಪ್ಪ. ಸುಮಕ್ಕ, ನನ್ನ ಜೊತೆ ಬಿಟ್ಟ ಇನ್ನಿಬ್ರಿಗೂ 15,000ದ ಲೆಕ್ಕದಲ್ಲೇ ಕೊಟ್ಟಿದಾರೆ. ಅವರ ಪತ್ರಾನೂ ತರಿಸ್ಲಾ?

ಸುಮಕ್ಕ: ತರಿಸು. ಗ್ರಾಚುಯಿಟಿ ಸಾಲು ಕಾಣೋ ಹಾಗೆ ಫೋಟೊ ತೆಗಿ ಅನ್ನು.